183 ದಿನ ದಾಟಿಲ್ಲ ಅಂದಮಾತ್ರಕ್ಕೆ ತೆರಿಗೆ ತಪ್ಪಲ್ಲ

ಪುಣೆಯಲ್ಲಿ ನಾನು ತೆರಿಗೆ ಲೆಕ್ಕದ ಕೆಲಸ ಮಾಡುತ್ತೇನೆ. ಹಿಂಜೇವಾಡಿಯಲ್ಲಿ ಕೆಲಸ ಮಾಡೋ ನಮ್ಮ ಅಕ್ಕನ ಮಗನನ್ನು 2023ರ ಜೂನ್‌ನಲ್ಲಿ ಕಂಪನಿ ಐದು ತಿಂಗಳಿಗೆ ಜರ್ಮನಿಗೆ ಕಳಿಸಿತು. ಎಚ್‌ಆರ್‌ನವರು ಹೇಳಿದ್ದು ಒಂದೇ ಮಾತು, "183 ದಿನ ದಾಟಲ್ಲ, ಅಲ್ಲಿ ತೆರಿಗೆ ಇಲ್ಲ." ವಾಪಸ್ ಬಂದ ಮೇಲೆ ಅಲ್ಲಿಯ ತೆರಿಗೆ ನೋಟಿಸ್ ಹಿಡಿದುಕೊಂಡು ಮನೆಗೆ ಬಂದ. "ಮಾಮಾ, 150 ದಿನವೂ ಆಗಿಲ್ವಲ್ಲ?"

ದಿನಗಳ ಲೆಕ್ಕ ಸರಿಯಾಗೇ ಇತ್ತು. ಆದರೆ ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ಮಾಡಿಕೊಂಡ ಭಾರತ–ಜರ್ಮನಿ ಒಪ್ಪಂದದ 15ನೇ ವಿಧಿಯಲ್ಲಿ ಮೂರು ಷರತ್ತುಗಳಿವೆ. ಅಲ್ಲಿ 183 ದಿನಕ್ಕಿಂತ ಜಾಸ್ತಿ ಇರಬಾರದು. ಸಂಬಳ ಕೊಡೋ ಮಾಲೀಕ ಆ ದೇಶದ ನಿವಾಸಿ ಆಗಿರಬಾರದು. ಆ ಸಂಬಳದ ಖರ್ಚನ್ನು ಮಾಲೀಕನ ಅಲ್ಲಿಯ ಬ್ರಾಂಚ್‌ನಂಥ ಖಾಯಂ ನೆಲೆ ಹೊರಬಾರದು. ಮೂರೂ ಒಟ್ಟಿಗೆ ಇದ್ದರೆ ಮಾತ್ರ ಜರ್ಮನಿ ಕೈ ಬಿಡುತ್ತದೆ. ಒಂದು ತಪ್ಪಿದರೂ, ಅಲ್ಲಿ ಮಾಡಿದ ಕೆಲಸದ ಸಂಬಳಕ್ಕೆ ಮೊದಲ ದಿನದಿಂದಲೇ ಅಲ್ಲಿ ತೆರಿಗೆ.

ಇವನ ವಿಷಯದಲ್ಲಿ ಮುರಿದದ್ದು ಮೂರನೆಯದು. ಸಂಬಳ ಪುಣೆಯ ಖಾತೆಗೇ ಬರುತ್ತಿತ್ತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಆ ಐದು ತಿಂಗಳ ಖರ್ಚನ್ನು ಕಂಪನಿ ತನ್ನ ಜರ್ಮನ್ ಬ್ರಾಂಚ್‌ನ ಲೆಕ್ಕಕ್ಕೆ ಹಾಕಿತ್ತು. ಹಣ ಯಾವ ಬ್ಯಾಂಕಿಗೆ ಬಂತು ಅನ್ನೋದಕ್ಕಿಂತ ಭಾರ ಕೊನೆಗೆ ಯಾರ ಪುಸ್ತಕದಲ್ಲಿ ಕೂತಿತು ಅನ್ನೋದೇ ಇಲ್ಲಿ ಮುಖ್ಯ. ಉದ್ಯೋಗಿಗೆ ಅದು ಕಾಣೋದೇ ಇಲ್ಲ. ಕಂಪನಿಗೆ ಮಾತ್ರ ಗೊತ್ತಿರೋ ಈ ವಿಷಯವನ್ನು ಹೊರಡೋ ಮೊದಲೇ ಕಾಗದದಲ್ಲಿ ಬರೆದು ಕೊಡಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇತ್ತ ಭಾರತವೂ ಬಿಡಲ್ಲ. ಆ ವರ್ಷ ಅವನು 182 ದಿನಕ್ಕಿಂತ ಜಾಸ್ತಿ ಇಲ್ಲೇ ಇದ್ದ, ಹಾಗಾಗಿ ಇಲ್ಲಿಯ ನಿವಾಸಿ. ನಿವಾಸಿಗೆ ಎಲ್ಲಿಯ ಆದಾಯವಾದರೂ ಇಲ್ಲಿ ತೆರಿಗೆ. ಇಡೀ ವರ್ಷದ ಸಂಬಳಕ್ಕೆ ಟಿಡಿಎಸ್ ಕಡಿತವಾಗಿಯೂ ಆಗಿತ್ತು. ಎರಡು ಕಡೆ ಕಟ್ಟೋದನ್ನು ತಪ್ಪಿಸೋಕೆ ಒಪ್ಪಂದ ಕೊಡೋ ದಾರಿ, ಅಲ್ಲಿ ಕಟ್ಟಿದ್ದನ್ನು ಇಲ್ಲಿಯ ತೆರಿಗೆಯಲ್ಲಿ ಕಳೆಯೋದು.

ಅದಕ್ಕೂ ಮಿತಿ ಇದೆ. ಸುಲಭವಾಗಲಿ ಅಂತ ದುಂಡು ಅಂಕಿ ಇಟ್ಟುಕೊಳ್ಳೋಣ. ಆ ಐದು ತಿಂಗಳ ಸಂಬಳ 10 ಲಕ್ಷ. ಅಲ್ಲಿ ಕಟ್ಟಿದ್ದು 3 ಲಕ್ಷ. ಇಲ್ಲಿ ಅವನ ಸರಾಸರಿ ತೆರಿಗೆ ಶೇ 20 ಆದರೆ, ಆ ಹಣಕ್ಕೆ ಇಲ್ಲಿಯ ತೆರಿಗೆ 2 ಲಕ್ಷ. ಎರಡರಲ್ಲಿ ಕಡಿಮೆ ಯಾವುದೋ ಅಷ್ಟೇ ಸಿಗುತ್ತದೆ, ಅಂದರೆ 2 ಲಕ್ಷ. ಉಳಿದ 1 ಲಕ್ಷವನ್ನು ಭಾರತ ವಾಪಸ್ ಕೊಡಲ್ಲ, ಮುಂದಿನ ವರ್ಷಕ್ಕೂ ಒಯ್ಯೋಕಾಗಲ್ಲ.

ಆ 2 ಲಕ್ಷವೂ ತಾನಾಗೇ ಬರಲ್ಲ. ರಿಟರ್ನ್ ಸಮಯಕ್ಕೆ ಹಾಕಿ, ಜೊತೆಗೆ ಈ ಕಡಿತ ಕೇಳೋ ಫಾರ್ಮ್ 67 ತುಂಬಿ, ಅಲ್ಲಿ ತೆರಿಗೆ ಕಟ್ಟಿದ ಪುರಾವೆ ಸೇರಿಸಬೇಕಿತ್ತು. ಆ ವರ್ಷದ ಫಾರ್ಮ್‌ಗೆ 2025ರ ಮಾರ್ಚ್ 31 ಕೊನೆಯ ದಿನವಾಗಿತ್ತು. ಜರ್ಮನಿಯ ರಸೀದಿ ಬರೋದು ತಡವಾಯಿತು, ಫೆಬ್ರುವರಿಯಲ್ಲಿ ಕೂತು ಅಪ್‌ಲೋಡ್ ಮಾಡಿದೆವು.

ಈಗ ಅವನ ತಂಗಿಗೂ ಹೊರಗೆ ಹೋಗೋ ಪತ್ರ ಬಂದಿದೆ. ಮೊದಲು ಕೇಳಿಸಿದ್ದು ಇದನ್ನೇ: ಆ ತಿಂಗಳುಗಳ ಸಂಬಳದ ಖರ್ಚು ಯಾರ ಲೆಕ್ಕಕ್ಕೆ ಹೋಗುತ್ತದೆ? ಎಚ್‌ಆರ್ ಉತ್ತರಕ್ಕೆ ಕಾಯುತ್ತಿದ್ದೇವೆ.