ಎರಡು ಬಾಣದ ಗುರುತಿನ ಸತ್ಯ

ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನ ಹಿರಿಯರಿಗೆ ಸಾಷ್ಟಾಂಗ ನಮಸ್ಕಾರಗಳು, ಕಿರಿಯರಿಗೆ ಆಶೀರ್ವಾದಗಳು. ನಮ್ಮ ಪಕ್ಕದ ಮನೆಯ ನಿವೃತ್ತ ಟೀಚರ್ ಬಾರೊಂದರಲ್ಲಿ ಗ್ಲಾಸು ಹಿಡಿದು ಯಾರೋ ಗಂಡಸಿನ ಹೆಗಲಿಗೆ ಒರಗಿ ನಗುತ್ತಿರುವ ಚಿತ್ರವನ್ನು ಈ ಗುಂಪಿನಲ್ಲಿ ನೋಡದವರು ಯಾರೂ ಉಳಿದಿಲ್ಲವಾದ್ದರಿಂದ, ಅದರ ವರ್ಣನೆಗೆ ನಾನು ಇಳಿಯುವುದಿಲ್ಲ. ಅದು ಮುಖ ಬದಲಿಸಿದ ಚಿತ್ರ. ಇನ್ನು ಯಾರೂ ಅದನ್ನು ಯಾರಿಗೂ ಕಳುಹಿಸಬಾರದು ಎಂದು ಕೇಳಿಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಶ್ಲಾಘನೆ. ಊರಿನ ಜಮೀನಿನ ಪಾಲುಪತ್ರಕ್ಕೆ ಎಲ್ಲರ ಆಧಾರ್ ಪ್ರತಿ ಬೇಕೆಂದು ಯುಗಾದಿಗೆ ಕೇಳಿದರೆ ದೀಪಾವಳಿಯವರೆಗೂ ಮೌನವಾಗಿರುವ ಈ ಗುಂಪು, ಟೀಚರ ಚಿತ್ರದ ವಿಷಯದಲ್ಲಿ ತೋರಿಸಿದ ಕಾರ್ಯದಕ್ಷತೆ ಅಂಚೆ ಇಲಾಖೆಯೂ ಅಧ್ಯಯನ ಮಾಡುವಂಥದ್ದು. ಶಿವಮೊಗ್ಗದ ಅತ್ತೆ ‘ಇದು ನಿಜವೇ?’ ಎಂದು ಕೇಳುವುದಕ್ಕಾಗಿ ಅದನ್ನು ತಮ್ಮ ಭಜನಾ ಮಂಡಳಿಗೆ ಕಳುಹಿಸಿದರು. ಹಾಸನದ ದೊಡ್ಡಪ್ಪ ‘ಕಲಿಗಾಲ’ ಎಂಬ ಒಂದೇ ಮಾತಿನ ಭಾಷ್ಯದೊಡನೆ ತಮ್ಮ ಪಿಂಚಣಿದಾರರ ಗುಂಪಿಗೆ ದಾಟಿಸಿದರು. ಬೆಂಗಳೂರಿನ ಚಿಕ್ಕಪ್ಪ ಓದಿಕೊಂಡವರು. ಅವರು ‘ಇದು ಸುಳ್ಳು, ಯಾರೂ ನಂಬಬೇಡಿ’ ಎಂದು ಬರೆದು, ಯಾವುದನ್ನು ನಂಬಬಾರದೆಂಬ ಬಗ್ಗೆ ಯಾರಿಗೂ ಗೊಂದಲವಾಗದಿರಲೆಂದು ಚಿತ್ರವನ್ನೂ ಲಗತ್ತಿಸಿದರು. ಸಂಶಯ, ಶೋಕ, ಖಂಡನೆ ಎಂದು ಮೂವರ ಭಾವ ಬೇರೆಯಾದರೂ ಮೂರು ಕಡೆಯೂ ಹೋದದ್ದು ಒಂದೇ ಚಿತ್ರ. ಚಿತ್ರ ಕಣ್ಣಿಗೆ ಬಿದ್ದ ಮೇಲೆ ಅದರ ಕೆಳಗಿನ ಅಕ್ಷರಗಳನ್ನು ಓದುವ ಪದ್ಧತಿ ನಮ್ಮಲ್ಲಿ ಇಲ್ಲ.

ಈಗ ಆ ಚಿತ್ರವನ್ನು ನೋಡುವ ಬಗೆಯನ್ನು ಹೇಳುತ್ತೇನೆ, ಕೊನೆಯ ಬಾರಿಗೆ ನೋಡಿ. ಮುಖ ಬದಲಿಸುವ ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಹುಬ್ಬಿನಿಂದ ಗಲ್ಲದವರೆಗಿನ ಭಾಗವನ್ನಷ್ಟೇ ಬದಲಿಸುತ್ತವೆ. ಕೂದಲು, ಕಿವಿ, ಕುತ್ತಿಗೆ, ಕೈಗಳು ಮೂಲ ಚಿತ್ರದ ಹೆಂಗಸಿನವೇ ಆಗಿ ಉಳಿಯುತ್ತವೆ. ಟೀಚರಿಗೆ ಅರವತ್ತು ದಾಟಿದೆ; ಗ್ಲಾಸು ಹಿಡಿದ ಕೈಯಲ್ಲಿ ಒಂದು ನರವೂ ಎದ್ದಿಲ್ಲ, ಉಗುರುಗಳಿಗೆ ನೀಲಿ ಬಣ್ಣವಿದೆ. ಅವರ ಕಿವಿಯ ತೂತು ಓಲೆಯ ಭಾರಕ್ಕೆ ಜಗ್ಗಿ ಉದ್ದವಾಗಿರುವುದನ್ನು ನಮ್ಮ ಮನೆಯ ಹೆಂಗಸರೆಲ್ಲ ನೋಡಿದ್ದಾರೆ. ಚಿತ್ರದ ಕಿವಿಗೆ ಅಂಥ ಯಾವ ಕಷ್ಟವೂ ಬಂದಿಲ್ಲ. ಬಾರಿನ ಬೆಳಕು ಎಡಗಡೆಯಿಂದ ಬಂದು ಕುತ್ತಿಗೆಯ ಬಲಭಾಗವನ್ನು ಕತ್ತಲಾಗಿಸಿದೆ, ಮುಖದ ಮೇಲೆ ಮಾತ್ರ ಎದುರಿನ ಬೆಳಕು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ನಿದ್ದೆಯಲ್ಲೂ ತೆಗೆಯದ ಮೂಗುತಿ ಅಲ್ಲಿಲ್ಲ. ಅದಿರಬೇಕಾದ ಜಾಗದಲ್ಲಿ ಚರ್ಮ ಮಸುಕಾಗಿ ಕಲಸಿಕೊಂಡಿದೆ, ಮೂಗುತಿಯನ್ನು ಏನು ಮಾಡಬೇಕೆಂದು ಆ್ಯಪಿಗೆ ತಿಳಿದಿಲ್ಲ.

ಈ ಗುರುತುಗಳೂ ಶಾಶ್ವತವಲ್ಲ. ನಮ್ಮವರು ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಕತ್ತರಿಸಿ, ಮತ್ತೆ ಹೊಸದಾಗಿ ಕಳುಹಿಸಿದಂತೆಲ್ಲ ಚಿತ್ರ ಇನ್ನಷ್ಟು ಮಸುಕಾಗುತ್ತದೆ, ಅಂಚುಗಳ ಕಲೆ ಮಾಯವಾಗುತ್ತದೆ. ಎಷ್ಟು ಕೆಟ್ಟು ಹೋಗುತ್ತದೆಯೋ ಅಷ್ಟು ಸಾಚಾ ಎನ್ನಿಸತೊಡಗುತ್ತದೆ. ತಂತ್ರ ಸುಧಾರಿಸುತ್ತಿರುವುದರಿಂದ ಮುಂದಿನ ಚಿತ್ರದಲ್ಲಿ ಮೂಗುತಿಯೂ ಸರಿಯಾಗಿಯೇ ಇರಬಹುದು. ಆಗ ನಮ್ಮ ಬಳಿ ಉಳಿಯುವ ಪುರಾವೆ, ಇಪ್ಪತ್ತು ವರ್ಷ ಗೋಡೆಯ ಆಚೆಯಿಂದ ನಮಗೆ ಕರಿಬೇವು ಕೊಟ್ಟ ಮನುಷ್ಯರು ಎಂಥವರು ಎಂಬ ತಿಳಿವಳಿಕೆ ಮಾತ್ರ. ಅದು ಈ ಸಲವೂ ನಮ್ಮ ಬಳಿ ಇತ್ತು ಎಂಬುದನ್ನು ದಾಖಲಿಸಬಯಸುತ್ತೇನೆ.

ಆ ಮುಖ ಎಲ್ಲಿಂದ ಹೋಯಿತು ಎಂಬುದು ಇನ್ನೊಂದು ವಿಷಯ. ಗೌರಿ ಹಬ್ಬದಂದು ಟೀಚರು ನಮ್ಮ ಮನೆಯಲ್ಲಿ ಬಾಗಿನ ತೆಗೆದುಕೊಳ್ಳುತ್ತಿದ್ದಾಗ ಚಿಕ್ಕಮ್ಮ ತೆಗೆದ ಚಿತ್ರದಲ್ಲಿ ಇದೇ ನಗು, ಇದೇ ಓರೆ, ಮುಂಗಡೆಯ ಇದೇ ಹಲ್ಲಿನ ಸಂದು ಇದೆ. ಆ ಚಿತ್ರ ಈ ಗುಂಪಿನಿಂದ ಬಡಾವಣೆಯ ಗುಂಪಿಗೆ ಹೋಗಿತ್ತು. ಬಡಾವಣೆಯ ಸಂಘದ ಸಭೆಯಲ್ಲಿ ಟ್ಯಾಂಕರ್ ನೀರಿನ ಲೆಕ್ಕ ಕೇಳಿದವರು ಟೀಚರೊಬ್ಬರೇ ಎಂಬುದು ಎಲ್ಲರಿಗೂ ಗೊತ್ತು. ಇದರಾಚೆ ನಾನು ಊಹೆ ಮಾಡುವುದಿಲ್ಲ. ಊಹೆಯನ್ನು ಊರಿಗೆ ಹಂಚುವ ಕೆಲಸಕ್ಕೆ ಈ ಗುಂಪಿನಲ್ಲಿ ಸಾಕಷ್ಟು ಸಿಬ್ಬಂದಿ ಇದ್ದಾರೆ.

ವಾಟ್ಸ್‌ಆ್ಯಪ್ ಕಂಪನಿಯವರೂ ನಮ್ಮ ಉತ್ಸಾಹಕ್ಕೆ ಹೆದರಿ ಕೆಲವು ಅಡ್ಡಿಗಳನ್ನು ಇಟ್ಟಿದ್ದಾರೆ. 2018ರ ಜುಲೈಯಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂದು ಮಿತಿ ಹಾಕಿದರು. ಕೈಯಿಂದ ಕೈಗೆ ಐದು ಸಲವೋ ಹೆಚ್ಚೋ ದಾಟಿ ಬಂದ ಸಂದೇಶದ ಮೇಲೆ ಎರಡು ಬಾಣಗಳ ಗುರುತು ಬರುವಂತೆ ಮಾಡಿ, 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸುವಂತೆ ಕಟ್ಟಿದರು. ಇದನ್ನು ಎಲ್ಲಿಂದ ಬಂತೆಂದು ತಿಳಿಯದೆ ನಂಬಬೇಡಿ ಎಂಬ ಎಚ್ಚರಿಕೆ ಆ ಎರಡು ಬಾಣಗಳು. ನಮ್ಮ ಮನೆತನದಲ್ಲಿ ಅವಕ್ಕೆ ಐಎಸ್‌ಐ ಮುದ್ರೆಯ ಗೌರವವಿದೆ. ‘ಇಷ್ಟು ಜನ ಕಳುಹಿಸಿದ್ದಾರೆ ಎಂದರೆ ಸುಳ್ಳಾಗುತ್ತದೆಯೇ’ ಎಂದು ದೊಡ್ಡಪ್ಪನವರು ಬರೆದದ್ದು ಈಗಲೂ ಗುಂಪಿನಲ್ಲಿದೆ. ಒಂದೇ ಕಡೆಗೆ ಎಂಬ ಕಟ್ಟನ್ನೂ ಅವರು ಒಂದೊಂದೇ ಕಡೆಗೆ ಬಿಡಿಬಿಡಿಯಾಗಿ, ತಾಳ್ಮೆಯಿಂದ ಕಳುಹಿಸಿ ಗೆದ್ದರು.

ನೋಡದೆ ಕಳುಹಿಸಿಬಿಟ್ಟೆ ಎಂದು ಅತ್ತೆ ಹೇಳುತ್ತಿದ್ದಾರಂತೆ. ಈ ವಾದಕ್ಕೆ ದೊಡ್ಡ ಪರಂಪರೆ ಇದೆ. ತಮಿಳುನಾಡಿನ ನಟ, ಮಾಜಿ ಶಾಸಕ ಎಸ್.ವಿ. ಶೇಖರ್ 2018ರಲ್ಲಿ ಪತ್ರಕರ್ತೆಯರನ್ನು ಹೀನಾಯವಾಗಿ ನಿಂದಿಸುವ ಬರಹವೊಂದನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡು, ಆಮೇಲೆ ಅಳಿಸಿ, ಓದದೆ ಹಂಚಿದೆ ಎಂದರು. 2023ರಲ್ಲಿ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, ಅವರು ಆ ಹೊತ್ತಿನಲ್ಲಿ ಕಣ್ಣಿಗೆ ಔಷಧಿ ಹಾಕಿಕೊಂಡಿದ್ದರಿಂದ ಬರಹವನ್ನು ಓದಲಾಗಲಿಲ್ಲ ಎಂದು ಅವರ ಪರ ವಕೀಲರು ವಾದಿಸಿದರು. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮಲಗಬೇಕಾದ ಮನುಷ್ಯ ಆ ಮಸುಕಿನಲ್ಲಿಯೂ ಹಂಚುವ ಗುಂಡಿಯನ್ನು ಮಾತ್ರ ತಪ್ಪದೆ ಒತ್ತಿದ ಕೌಶಲಕ್ಕೆ ನ್ಯಾಯಾಲಯ ಮನ್ನಣೆ ಕೊಡಲಿಲ್ಲ. ಪ್ರಕರಣ ರದ್ದುಮಾಡಲು ನಿರಾಕರಿಸಿತು. ಅದಕ್ಕೂ ಮೊದಲೇ ಮದ್ರಾಸ್ ಹೈಕೋರ್ಟ್, ಸಂದೇಶವನ್ನು ದಾಟಿಸಿದವರು ಅದರ ಪರಿಣಾಮಕ್ಕೆ ಹೊಣೆ ಎಂದು ಹೇಳಿಯಾಗಿತ್ತು. ದೊಡ್ಡಪ್ಪನವರಿಗೆ ಹೋದ ತಿಂಗಳು ಪೊರೆಯ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಈ ತೀರ್ಪನ್ನು ಮುಂಚಿತವಾಗಿಯೇ ಅವರ ಗಮನಕ್ಕೆ ತರುತ್ತಿದ್ದೇನೆ.

ಗುಂಪಿನ ಅಡ್ಮಿನ್ ಆದ ಭಾವನವರು, ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿರುವುದನ್ನು ನಮಗೆಲ್ಲ ಕಳುಹಿಸಿ ನಿಶ್ಚಿಂತರಾಗಿದ್ದಾರೆ. ತೀರ್ಪು ನಿಜ. ಆದರೆ ಅಡ್ಮಿನ್ ಯಾರ ಸಂದೇಶವನ್ನಾದರೂ ಗುಂಪಿನ ಎಲ್ಲರ ಪಾಲಿಗೂ ಅಳಿಸಬಹುದು. ಹಾಗೆ ಅಳಿಸಬಾರದೆಂದು ಯಾವ ಹೈಕೋರ್ಟೂ ಹೇಳಿಲ್ಲ.

2023ರ ನವೆಂಬರ್‌ನಲ್ಲಿ ಬೇರೊಬ್ಬ ಯುವತಿಯ ವಿಡಿಯೊಗೆ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖ ಅಂಟಿಸಿ ಹರಿಬಿಟ್ಟಾಗ ಇದೇ ಗುಂಪು ಹೇಗೆ ಕನಲಿತ್ತು ಎಂಬುದು ನನಗೆ ನೆನಪಿದೆ. ಮಾಡಿದವನ ಕೈ ಕತ್ತರಿಸಬೇಕು ಎಂದು ದೊಡ್ಡಪ್ಪ ಬರೆದಿದ್ದರು. ಮೂರು ತಿಂಗಳೊಳಗೆ ದೆಹಲಿ ಪೊಲೀಸರು ಆಂಧ್ರದಲ್ಲಿ ಒಬ್ಬನನ್ನು ಬಂಧಿಸಿದಾಗ ಚಿಕ್ಕಪ್ಪ ಚಪ್ಪಾಳೆಯ ಚಿತ್ರಗಳನ್ನು ಸಾಲಾಗಿ ಹಾಕಿದ್ದರು. ಆಕೆಗೆ ವಕೀಲರಿದ್ದರು, ಅಭಿಮಾನಿಗಳಿದ್ದರು, ಇದು ನಾನಲ್ಲ ಎಂದರೆ ಇಡೀ ದೇಶ ಕೇಳಿಸಿಕೊಳ್ಳುತ್ತಿತ್ತು. ಟೀಚರು ಇದು ನಾನಲ್ಲ ಎಂದು ಯಾರಿಗೆ ಹೇಳಬೇಕು? ಹಾಲಿನವನಿಗೋ? ದೇವಸ್ಥಾನದಲ್ಲಿ ಪಕ್ಕದಲ್ಲಿ ನಿಂತವರಿಗೋ? ಅವರು ಹಾಲು ತರಲು ಹೊರಗೆ ಬರುವುದನ್ನೇ ನಿಲ್ಲಿಸಿದ್ದಾರೆ.

ನನಗೆ ಇನ್ನು ತಮಾಷೆ ಮಾಡಲು ಮನಸ್ಸಿಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೆಟ್ ಕೊಟ್ಟರೆಂಬ ಕಾರಣಕ್ಕೆ ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಡಿ, ಹೈದರಾಬಾದಿನ ಒಬ್ಬ ಎಂಜಿನಿಯರನ್ನು ಜನ ಹೊಡೆದು ಕೊಂದರು. ಸುದ್ದಿ ದಾಟಿಸಿದವರಲ್ಲಿ ಹೆಚ್ಚಿನವರು ಯಾರನ್ನೂ ಮುಟ್ಟಿರಲಿಕ್ಕಿಲ್ಲ. ಮಕ್ಕಳ ಮೇಲಿನ ಕಾಳಜಿಯಿಂದ ದಾಟಿಸಿದೆವು ಎಂದೇ ಅವರೂ ಹೇಳಿಕೊಂಡಿರಬಹುದು. ನಮಗೆ ಕಾಳಜಿ ಬೇರೆ ಇದೆಯಂತೆ. ಯಾವ ಕಾಳಜಿ? ಅರವತ್ತು ದಾಟಿದ ಹೆಂಗಸೊಬ್ಬರು ಬಾಗಿಲು ಹಾಕಿಕೊಂಡು ಕೂತಿದ್ದಾರೆ, ನೀವು ‘ಪಾಪ’ ಎಂದು ಬರೆದು ಅದೇ ಚಿತ್ರವನ್ನು ಮತ್ತೆ ಕಳುಹಿಸುತ್ತೀರಿ. ಸಾಕು.

ಇನ್ನು ಮಾಡಬೇಕಾದದ್ದು. ಕಳುಹಿಸಿದ ಸಂದೇಶವನ್ನು ಎಲ್ಲರಿಗೂ ಅಳಿಸುವ ಅವಕಾಶ ಸುಮಾರು ಎರಡೂವರೆ ದಿನ ಮಾತ್ರ ಇರುತ್ತದೆ. ನಿನ್ನೆ ಕಳುಹಿಸಿದವರು ಈಗಲೇ ಅಳಿಸಿ. ಅದು ಆ ಒಂದು ಗುಂಪಿನಲ್ಲಿ ಮಾತ್ರ ಅಳಿಯುತ್ತದೆ; ಅಲ್ಲಿಂದ ಮುಂದಕ್ಕೆ ಹೋದ ಪ್ರತಿಗಳು ಹಾಗೆಯೇ ಇರುತ್ತವೆ. ಆದ್ದರಿಂದ ಯಾವ ಯಾವ ಗುಂಪಿಗೆ ಕಳುಹಿಸಿದ್ದೀರೋ ಅಲ್ಲೆಲ್ಲ ‘ನಾನು ಕಳುಹಿಸಿದ್ದು ಸುಳ್ಳು ಚಿತ್ರ, ಅಳಿಸಿ’ ಎಂದು ಬರಿಯ ಮಾತಿನಲ್ಲಿ, ಚಿತ್ರವಿಲ್ಲದೆ, ಬರೆಯಿರಿ. ಮೊಬೈಲಿನ ಗ್ಯಾಲರಿಯಲ್ಲಿ ತಾನಾಗಿ ಇಳಿದು ಕುಳಿತಿರುವುದನ್ನೂ ತೆಗೆಯಿರಿ, ಮೊಮ್ಮಕ್ಕಳು ಅದೇ ಫೋನು ಹಿಡಿಯುತ್ತಾರೆ. ಸಾಕ್ಷಿಗಾಗಿ ಇಟ್ಟುಕೊಂಡಿದ್ದೇನೆ ಎಂಬ ನೆಪ ಯಾರಿಗೂ ಬೇಡ. ಕಳುಹಿಸಿದ ಸಂಖ್ಯೆ, ದಿನಾಂಕ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್‌ಗಳನ್ನು ನಾನು ಆಗಲೇ ತೆಗೆದಿಟ್ಟಿದ್ದೇನೆ.

ಮಾನನಷ್ಟದ ದೂರನ್ನು ಸಾಮಾನ್ಯವಾಗಿ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಹಾಕಬೇಕಾಗುತ್ತದೆ, ಪೊಲೀಸರೇ ಎಫ್‌ಐಆರ್ ಮಾಡುವುದಿಲ್ಲ ಎಂದು ಚಿಕ್ಕಪ್ಪ ಹುಡುಕಿ ತೆಗೆದಿದ್ದಾರೆ. ಸರಿಯಾಗಿಯೇ ಹುಡುಕಿದ್ದಾರೆ. ಆದರೆ ಇನ್ನೊಬ್ಬರ ಗುರುತನ್ನು ಮೋಸದಿಂದ ಬಳಸಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 66ಸಿ ಎಂಬ ಕಲಮು ಬೇರೆ ಇದೆ, ಮೂರು ವರ್ಷದವರೆಗೆ ಜೈಲಿದೆ. ಚಿತ್ರ ಮಾಡಿದವನನ್ನು ಹುಡುಕಬೇಕಾದರೆ ಪೊಲೀಸರು ಸರಪಳಿಯ ಈ ತುದಿಯಿಂದ, ಅಂದರೆ ನಮ್ಮಿಂದ, ಯಾರು ಯಾರಿಂದ ಪಡೆದರು ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಹಿಂದಕ್ಕೆ ಹೋಗಬೇಕಾಗುತ್ತದೆ. ಟೀಚರ ಮಗ ಸೋಮವಾರ ಬೆಳಿಗ್ಗೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆಗೆ ಹೋಗುತ್ತಿದ್ದಾನೆ. ನನ್ನ ಬಳಿ ಇರುವ ಸ್ಕ್ರೀನ್‌ಶಾಟ್‌ಗಳನ್ನು ಕೇಳಿದ, ಕೊಡುತ್ತೇನೆ ಎಂದಿದ್ದೇನೆ. ಅದರಲ್ಲಿ ಅತ್ತೆಯವರ, ದೊಡ್ಡಪ್ಪನವರ, ಚಿಕ್ಕಪ್ಪನವರ ಸಂಖ್ಯೆಗಳು ಸ್ಪಷ್ಟವಾಗಿ ಕಾಣುತ್ತವೆ. ಠಾಣೆಯಿಂದ ಕರೆ ಬಂದರೆ ದಯವಿಟ್ಟು ಎತ್ತಿಕೊಂಡು, ಯಾರು ಕಳುಹಿಸಿದರು ಎಂಬುದನ್ನು ಮರೆಮಾಚದೆ ಹೇಳಿ.