ಬಿಲ್ ಹರಿದ ಮೇಲೆ ಚೌಕಾಸಿ ಮಾಡಬೇಡಿ

ಪುಸ್ತಕ ಮೇಳದಲ್ಲಿ ರಿಯಾಯಿತಿ ಕೇಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಕೇಳಿ. ಮಳಿಗೆಯೊಳಗೆ ಕಾಲಿಟ್ಟ ತಕ್ಷಣ ಕೇಳಿ, ಪುಸ್ತಕ ಕೈಗೆತ್ತಿಕೊಂಡಾಗ ಕೇಳಿ. ಆದರೆ ಸಂಜೆಯ ರಶ್‌ನಲ್ಲಿ, ಬಿಲ್ ಬರೆದು ಹರಿದು ಕೈಗೆ ಕೊಟ್ಟ ಮೇಲೆ, ಹಿಂದೆ ಇಷ್ಟುದ್ದ ಸಾಲು ನಿಂತಿರುವಾಗ "ಇನ್ನೊಂದು ಹತ್ತು ಪರ್ಸೆಂಟ್ ಬಿಡಿ" ಅಂತ ಮೇಜು ಹಿಡಿದುಕೊಂಡು ನಿಲ್ಲುತ್ತೀರಲ್ಲ, ಅದನ್ನು ಕಂಡರೆ ಮೈ ಉರಿಯುತ್ತದೆ.

ನಮ್ಮ ಮಳಿಗೆಯಲ್ಲಿ ರಿಯಾಯಿತಿಯ ಬೋರ್ಡ್ ಇದೆ. ಕಣ್ಣಿನ ಎತ್ತರಕ್ಕೆ, ಎರಡು ಕಡೆ ಹಾಕಿದ್ದೇವೆ. ನಮ್ಮ ಪ್ರಕಟಣೆಗೆ 20 ಪರ್ಸೆಂಟ್, ಬೇರೆಯವರ ಪುಸ್ತಕಕ್ಕೆ 10 ಪರ್ಸೆಂಟ್ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದೆ. ಅದನ್ನು ಓದಿಯೂ ಬಿಲ್ ಆದ ಮೇಲೆ ಜಗಳ ತೆಗೆಯುತ್ತಾರೆ.

ಈ ಭಾನುವಾರ ಸಂಜೆ ನಡೆದದ್ದನ್ನು ಹೇಳುತ್ತೇನೆ. ಒಬ್ಬರು ಐದು ಪುಸ್ತಕ ತಂದು ಮೇಜಿನ ಮೇಲಿಟ್ಟರು. ಮೂರು ನಮ್ಮವು. ಒಂದು ಬೇರೆ ಪ್ರಕಾಶಕರ ಕಾದಂಬರಿ, ಇನ್ನೊಂದು ನಿಘಂಟು. ನಮ್ಮ ಹುಡುಗಿ ಬಿಲ್ ಬರೆದಳು, ಕೂಡಿದಳು, ರಿಯಾಯಿತಿ ಕಳೆದಳು, ಹರಿದು ಕೊಟ್ಟಳು. ಅವರು ಬಿಲ್ ನೋಡಿ, "ಎಲ್ಲದಕ್ಕೂ 20 ಹಾಕಿ" ಅಂದರು. "ಸಾರ್, ಇವೆರಡು ನಮ್ಮವಲ್ಲ, 10 ಮಾತ್ರ ಆಗೋದು" ಅಂದಳು. "ಏನ್ರೀ, ಒಂದೇ ಮಳಿಗೆಯಲ್ಲಿ ಎರಡು ಲೆಕ್ಕವಾ? ಆ ಕಡೆಯವರು ಕೊಡ್ತಾರೆ." ಅಲ್ಲಿಂದ ಶುರುವಾದದ್ದು ಮುಗಿಯುವಾಗ ಹತ್ತು ನಿಮಿಷ ಆಗಿತ್ತು.

ಹೌದು, ಒಂದೇ ಮಳಿಗೆಯಲ್ಲಿ ಎರಡು ಲೆಕ್ಕ ಇರಲೇಬೇಕು. ಯಾಕೆ ಅಂತ ಹೇಳುತ್ತೇನೆ. ಒಂದು ಪುಸ್ತಕದ ಮುಖಬೆಲೆ 100 ಅಂತಿಟ್ಟುಕೊಳ್ಳಿ. ಬೇರೆ ಪ್ರಕಾಶಕರ ಕಾದಂಬರಿಯಾದರೆ ನಮಗೆ ಅದರಲ್ಲಿ 35 ಕಮಿಷನ್ ಸಿಕ್ಕಿತು ಅನ್ನೋಣ. ಉಳಿದ 65 ಅವರದ್ದು, ಮುಟ್ಟುವಂತಿಲ್ಲ. ಆ 35ರಲ್ಲಿ 10 ಓದುಗರಿಗೆ ಬಿಟ್ಟೆವು, ಉಳಿದದ್ದು 25. ಮಳಿಗೆ ಬಾಡಿಗೆ, ಪೆಟ್ಟಿಗೆಗಳ ಸಾಗಾಟ, ಹುಡುಗರ ಕೂಲಿ, ಕಾರ್ಡ್ ಮಷಿನ್‌ನವರ ಪಾಲು, ಎಲ್ಲ ಸೇರಿ ಮಾರಿದ ಪ್ರತಿ 100ಕ್ಕೆ 15 ಖರ್ಚು ಅಂದುಕೊಂಡರೆ ಕೈಯಲ್ಲಿ ಉಳಿಯುವುದು 10. ಈಗ ನೀವು ಇನ್ನೊಂದು ಹತ್ತು ಬಿಡಿ ಅಂತೀರಿ. ಅಂದರೆ ಸೊನ್ನೆ. ದಿನವಿಡೀ ನಿಂತದ್ದಕ್ಕೆ ಸೊನ್ನೆ.

ನಿಘಂಟಿನ ಕಥೆ ಇನ್ನೂ ಕಷ್ಟ. ಅಂಥ ಪುಸ್ತಕಕ್ಕೆ ಕಮಿಷನ್ ಕಡಿಮೆ. 20 ಸಿಕ್ಕಿತು ಅಂದುಕೊಳ್ಳಿ. 10 ರಿಯಾಯಿತಿ, 15 ಖರ್ಚು, ಆಗಲೇ ಐದು ನಮ್ಮ ಕೈಯಿಂದ ಹೋಯಿತು. ಹಾಗಿದ್ದರೂ ತರುತ್ತೇವೆ. ಯಾಕೆಂದರೆ ನಿಘಂಟು ಹುಡುಕಿಕೊಂಡು ಬಂದವರು ಅಲ್ಲೇ ನಿಂತು ಬೇರೆ ಪುಸ್ತಕವನ್ನೂ ನೋಡುತ್ತಾರೆ, ಒಂದೆರಡು ತೆಗೆದುಕೊಳ್ಳುತ್ತಾರೆ. ಆ ನಂಬಿಕೆಯ ಮೇಲೆ ಅಷ್ಟು ಭಾರದ ಪೆಟ್ಟಿಗೆ ಹೊತ್ತು ತರುತ್ತೇವೆ. ಅದಕ್ಕೂ 20 ಕೊಟ್ಟರೆ ಕಮಿಷನ್ ಪೂರ್ತಿ ನಿಮಗೆ, ಖರ್ಚು ಪೂರ್ತಿ ನಮಗೆ. ನಮ್ಮದೇ ಪ್ರಕಟಣೆಗೆ 20 ಕೊಡಲು ಆಗುವುದು ನಡುವೆ ಇನ್ನೊಬ್ಬರಿಗೆ ಪಾಲು ಕೊಡಬೇಕಿಲ್ಲ ಅನ್ನುವ ಕಾರಣಕ್ಕೆ. ಇದರಲ್ಲಿ ಮೋಸ ಎಲ್ಲಿದೆ?

ಇನ್ನೊಂದು ಮಾತು. ಆ ಬಾಡಿಗೆ ಮೊದಲೇ ಕಟ್ಟಿ ಆಗಿರುತ್ತದೆ. ಮಾರಾಟ ಕಮ್ಮಿ ಆಯಿತು ಅಂತ ಯಾರೂ ವಾಪಸ್ ಕೊಡುವುದಿಲ್ಲ. ಮಾರಾಟ ಬಿದ್ದಷ್ಟೂ ಆ 15 ಅನ್ನುವುದು 20 ಆಗುತ್ತದೆ, 25 ಆಗುತ್ತದೆ. ಹಾಗಾಗಿ ರಶ್ ಇರುವ ಎರಡು ಮೂರು ಗಂಟೆಯೇ ನಮ್ಮ ಉಸಿರು. ಬೆಳಿಗ್ಗೆ ಸುಮ್ನೆ ನೋಡಿಕೊಂಡು ಹೋಗುವವರು ಜಾಸ್ತಿ. ಕೊಳ್ಳುವವರು ಬರುವುದು ಸಂಜೆ, ಅದರಲ್ಲೂ ರಜೆಯ ದಿನ. ಆ ಹೊತ್ತಿನಲ್ಲಿ ಒಂದು ಬಿಲ್‌ಗೆ ಒಂದೂವರೆ ನಿಮಿಷ ಹಿಡಿಯುತ್ತದೆ. ಒಬ್ಬರ ಚೌಕಾಸಿಗೆ ಹತ್ತು ನಿಮಿಷ ಹೋದರೆ ಆರು ಬಿಲ್ ಹೋದಂತೆ. ಆ ಸಾಲಿನಿಂದ ಒಬ್ಬ ಅಮ್ಮ ಪುಸ್ತಕಗಳನ್ನು ಅಲ್ಲೇ ಪಕ್ಕದ ಕಪಾಟಿನ ಮೇಲಿಟ್ಟು ಮಗುವನ್ನು ಎತ್ತಿಕೊಂಡು ಹೊರಟುಹೋದರು. ಅವರು ಒಂದು ಮಾತೂ ಆಡಲಿಲ್ಲ. ರಿಯಾಯಿತಿಯನ್ನೂ ಕೇಳಿರಲಿಲ್ಲ.

ಸಾಲು ನಿಂತರೆ ಬರೀ ಬಿಲ್ ನಿಲ್ಲುವುದಿಲ್ಲ, ಮಳಿಗೆಯೇ ನಿಲ್ಲುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗ ನಮ್ಮದು. ಮೂರು ಗೋಡೆಗೆ ಕಪಾಟು, ಮುಂದೆ ಒಂದು ಉದ್ದ ಮೇಜು. ಆ ಮುಂದಿನ ಮೇಜಿನ ಮೇಲೆ ಹೊಸ ಪುಸ್ತಕಗಳನ್ನು ರಕ್ಷಾಪುಟ ಕಾಣುವ ಹಾಗೆ ಮಲಗಿಸಿ ಇಡುತ್ತೇವೆ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸುವುದು ಅವೇ. ಕಪಾಟಿನಲ್ಲಿ ಬೆನ್ನು ಮಾತ್ರ ಕಾಣುವ ಪುಸ್ತಕವನ್ನು ಹೆಸರು ಗೊತ್ತಿದ್ದವರು ಹುಡುಕಿ ತೆಗೆಯುತ್ತಾರೆ, ಗೊತ್ತಿಲ್ಲದವರು ತೆಗೆಯುವುದಿಲ್ಲ. ಬಿಲ್ಲಿನ ಮೇಜನ್ನು ಒಳಗಿನ ಮೂಲೆಗೆ ಹಾಕಿದರೆ ದುಡ್ಡು ಕೊಡದೆ ಹೊರಗೆ ಹೋಗುವವರು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಹೊರಗೆ ಹೋಗುವ ಬದಿಯಲ್ಲಿ ಹಾಕುತ್ತೇವೆ. ನಾಲ್ಕೈದು ಜನರ ಸಾಲಾದರೆ ಪಕ್ಕದ ಕಪಾಟಿನ ಉದ್ದಕ್ಕೆ ನಿಲ್ಲುತ್ತಾರೆ, ತೊಂದರೆಯಿಲ್ಲ. ಹತ್ತು ಜನ ಆದರೆ ಸಾಲು ತಿರುಗಿ ಆ ಮುಂದಿನ ಮೇಜಿಗೇ ಅಡ್ಡ ನಿಲ್ಲುತ್ತದೆ. ಹೊರಗಿನವರಿಗೆ ಕಾಣುವುದು ಬರೀ ಬೆನ್ನುಗಳು, ಪುಸ್ತಕದ್ದಲ್ಲ, ಜನರದ್ದು. "ತುಂಬಾ ರಶ್ ಇದೆ, ಆಮೇಲೆ ಬರೋಣ" ಅಂತಾರೆ. ಆಮೇಲೆ ಬರುವುದಿಲ್ಲ.

ಕಪಾಟಿನ ಹತ್ತಿರ ನಿಂತು ಪುಸ್ತಕ ತೆಗೆದುಕೊಡುವ ಹುಡುಗ ಆಗ ಬಿಲ್ಲಿನ ಮೇಜಿಗೆ ಓಡಿಬರಬೇಕು. ಅವನು ಅಲ್ಲಿಂದ ಕದಲಿದರೆ ಕಪಾಟು ನೋಡುವವರು ಯಾರೂ ಇಲ್ಲ. ಪುಸ್ತಕಗಳು ಬ್ಯಾಗ್ ಸೇರುವುದು ಆ ಹೊತ್ತಿನಲ್ಲೇ.

ಮತ್ತೆ ಆ ಭಾನುವಾರದ ಬಿಲ್‌ಗೆ ಬರುತ್ತೇನೆ. ಹತ್ತು ನಿಮಿಷ ವಾದ ಮಾಡಿ ಅವರು, "ಹಾಗಾದ್ರೆ ಆ ಎರಡು ಬೇಡ, ಮೂರಕ್ಕೆ ಮಾತ್ರ ಬಿಲ್ ಮಾಡಿ" ಅಂದರು. ಕಾರ್ಬನ್ ಇಟ್ಟು ಬರೆಯುವ ಬಿಲ್ ಬುಕ್ ನಮ್ಮದು. ಹರಿದ ಬಿಲ್ ವಾಪಸ್ ಇಸಿದುಕೊಂಡು, ಅದನ್ನು ಅದರ ನಕಲಿನ ಜೊತೆ ಪಿನ್ ಮಾಡಿ, ಎರಡರ ಮೇಲೂ ರದ್ದು ಅಂತ ಬರೆದು, ಹೊಸದು ಬರೆಯಬೇಕು. ಬಿಲ್ ನಂಬರ್ ತಪ್ಪಿದರೆ ರಾತ್ರಿ ಲೆಕ್ಕ ಕೂಡುವುದಿಲ್ಲ. ಅಷ್ಟು ಮಾಡಿದ್ದಾಯಿತು. ಅವರು ಫೋನಿನಲ್ಲಿ ದುಡ್ಡು ಹಾಕಿದರು. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಅಂತ ಗೊತ್ತಲ್ವಾ? ನಮ್ಮ ಕಡೆ ದುಡ್ಡು ಬಂದ ಮೆಸೇಜ್ ಬರಲಿಲ್ಲ. "ಒಂದು ನಿಮಿಷ ಇರಿ" ಅಂದದ್ದಕ್ಕೆ "ನನ್ನನ್ನ ಕಳ್ಳ ಅಂದ್ಕೊಂಡ್ರಾ?" ಅಂತ ರೇಗಿದರು. ಹತ್ತು ನಿಮಿಷ ನಮ್ಮನ್ನು ನಿಲ್ಲಿಸಿದವರಿಗೆ ಒಂದು ನಿಮಿಷ ನಿಲ್ಲಲು ಆಗಲಿಲ್ಲ!

ಬೇಡ ಅಂದ ಆ ಎರಡು ಪುಸ್ತಕ ಗಲಾಟೆಯಲ್ಲಿ ಕೈಚೀಲಗಳ ಕಟ್ಟಿನ ಕೆಳಗೆ ಸೇರಿಕೊಂಡವು. ಆ ಕಾದಂಬರಿಯ ಕೊನೆಯ ಪ್ರತಿ ಅದು. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ಅದನ್ನೇ ಕೇಳಿಕೊಂಡು ಬಂದ. ಕಪಾಟಿನಲ್ಲಿ ಇಲ್ಲ, ಖಾಲಿಯಾಗಿದೆ ಅಂದೆವು. ರಾತ್ರಿ ಮೇಜು ತೆಗೆಯುವಾಗ ಸಿಕ್ಕಿತು. ಮೂಲೆ ಮಡಚಿಹೋಗಿತ್ತು. ಬೇರೆಯವರ ಪುಸ್ತಕ ನಾವು ತರುವುದು ಮಾರಿದಷ್ಟಕ್ಕೆ ದುಡ್ಡು, ಉಳಿದದ್ದು ವಾಪಸ್ ಅನ್ನುವ ಕರಾರಿನಲ್ಲಿ. ಮಡಚಿದ, ಕೊಳೆಯಾದ ಪ್ರತಿಯನ್ನು ಅವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಲೆಕ್ಕಕ್ಕೆ ಸಿಗದ ಪ್ರತಿಗೂ ನಾವೇ ದುಡ್ಡು ಕೊಡಬೇಕು. ಆ 100ರಲ್ಲಿ 65 ನಮ್ಮ ಜೇಬಿನಿಂದ. ಅಷ್ಟನ್ನು ತುಂಬಿಕೊಳ್ಳಲು, ಒಂದಕ್ಕೆ ಹತ್ತು ಉಳಿಯುವ ಲೆಕ್ಕದಲ್ಲಿ, ಅಂಥ ಏಳು ಪ್ರತಿ ಮಾರಬೇಕು.

ಮುಖಬೆಲೆಯ ವಿಷಯದಲ್ಲೂ ಇದೇ ಪಾಡು. ಪುಸ್ತಕ ಮರುಮುದ್ರಣ ಆದಾಗ ಬೆಲೆ ಏರುತ್ತದೆ, ಆದರೆ ಒಳಗೇನೂ ಬದಲಾಗದಿದ್ದರೆ ಪುಸ್ತಕದ ಗುರುತಿನ ನಂಬರ್ ಆದ ಐಎಸ್‌ಬಿಎನ್ ಅದೇ ಇರುತ್ತದೆ. ಕಟ್ಟಿನಲ್ಲಿ ಹಳೆ ಮುದ್ರಣದ ಒಂದು ಪ್ರತಿ ಸೇರಿದ್ದರೆ ಸಾಕು, ಅದನ್ನು ಹುಡುಕಿ ತಂದು "ಇದರ ಬೆಲೆಗೇ ಆ ಹೊಸದನ್ನು ಕೊಡಿ" ಅಂತಾರೆ. ಹಳೆಯದನ್ನೇ ತೆಗೆದುಕೊಳ್ಳಿ, ಅದರ ಬೆಲೆಗೇ ಕೊಡುತ್ತೇವೆ ಅಂದರೆ ಹಾಳೆ ಹಳದಿಯಾಗಿದೆ ಅಂತಾರೆ.

ಅರ್ಧ ಬೆಲೆ ಅಂತ ಕೂಗಿ ಮಾರುವ ಮಳಿಗೆಯವರ ಮೇಲೂ ನನಗೆ ಸಿಟ್ಟಿದೆ. ಗೋದಾಮು ಖಾಲಿ ಮಾಡಲು ಹಳೇ ಸ್ಟಾಕ್ ಸುರಿದು ಮಾರುವವರು ಹಾಗೆ ಕೊಡಬಹುದು. ಅವರಿಗೆ ಆ ಪುಸ್ತಕದ ಅಸಲು ಬೇರೆ. ಆದರೆ ಹೋದ ತಿಂಗಳು ಬಂದ ಹೊಸ ಪುಸ್ತಕವನ್ನೂ ಪಕ್ಕದವರಿಗಿಂತ ಐದು ಪರ್ಸೆಂಟ್ ಜಾಸ್ತಿ ಅಂತ ಕೈಯಿಂದ ಹಾಕಿ ಬಿಟ್ಟುಕೊಡುವವರು ಇದ್ದಾರೆ. ಓದುಗರಿಗೆ ಈ ಅಭ್ಯಾಸ ಹಿಡಿಸಿದವರೇ ಅವರು. ಮೇಳ ನಡೆಸುವವರು ರಿಯಾಯಿತಿಗೆ ಒಂದು ಮಿತಿ ಹಾಕಿ ಎಲ್ಲರೂ ಪಾಲಿಸುವ ಹಾಗೆ ನೋಡಿಕೊಂಡರೆ ಮೇಜಿನ ಮುಂದಿನ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಕೇಳಿದರೆ "ಅದು ನಿಮ್ಮ ನಿಮ್ಮ ವ್ಯವಹಾರ" ಅಂತ ಕೈ ತೊಳೆದುಕೊಳ್ಳುತ್ತಾರೆ.

ಇದರ ಪರಿಣಾಮ ಎಲ್ಲಿ ಬೀಳುತ್ತದೆ ಗೊತ್ತಾ? ಮುಂದಿನ ಮೇಳಕ್ಕೆ ಪುಸ್ತಕ ಆರಿಸುವಾಗ. ಯಾವುದನ್ನು ತರಬೇಕು ಅಂತ ಕೂತು ಪಟ್ಟಿ ಮಾಡುವಾಗ ಕಮಿಷನ್ ಕಡಿಮೆ ಇರುವ ಪುಸ್ತಕ ಮೊದಲು ಬಿಟ್ಟುಹೋಗುತ್ತದೆ. ನಿಘಂಟು, ವ್ಯಾಕರಣ, ಸಂಶೋಧನೆಯ ಪುಸ್ತಕ, ವರ್ಷಕ್ಕೆ ಬೆರಳೆಣಿಕೆ ಪ್ರತಿ ಹೋಗುವ ಹಳೆಯ ಶೀರ್ಷಿಕೆಗಳು. ಮೊದಲು ಒಂದೊಂದರದ್ದು ಎರಡೆರಡು ಪ್ರತಿ ಆದರೂ ತರುತ್ತಿದ್ದೆವು. ಈಗ ಆ ಜಾಗಕ್ಕೆ ಬೇಗ ಖರ್ಚಾಗುವ ಒಂದೇ ಪುಸ್ತಕದ ಮೂವತ್ತು ಪ್ರತಿ ಬರುತ್ತದೆ. ಆಮೇಲೆ ಅದೇ ಜನ ಬಂದು, "ಎಲ್ಲ ಮಳಿಗೆಯಲ್ಲೂ ಅದೇ ಪುಸ್ತಕ, ಒಳ್ಳೇದು ಒಂದೂ ಇಲ್ಲ" ಅಂತ ನಮಗೇ ಬೈಯುತ್ತಾರೆ.

ಬೋರ್ಡ್ ನೋಡಿ. ಅನುಮಾನ ಇದ್ದರೆ ಕಪಾಟಿನ ಹತ್ತಿರ ನಿಂತಿರುವ ಹುಡುಗನನ್ನು ಕೇಳಿ, ಯಾವುದಕ್ಕೆ ಎಷ್ಟು ಅಂತ ಅವನು ಹೇಳುತ್ತಾನೆ. ಪುಸ್ತಕ ಬೇಡ ಅನಿಸಿದರೆ ಬಿಲ್ ಬರೆಯುವ ಮೊದಲೇ ಹೇಳಿ, ಅದನ್ನು ನಮ್ಮ ಕೈಗೇ ಕೊಡಿ, ಸಿಕ್ಕಿದ ಕಡೆ ತುರುಕಬೇಡಿ. ಬಿಲ್ ನೋಡಿದ ಮೇಲೆ ತಕರಾರು ಇದ್ದರೆ ಸಾಲಿನಿಂದ ಎರಡು ಹೆಜ್ಜೆ ಪಕ್ಕಕ್ಕೆ ಬನ್ನಿ, ಹಿಂದಿನವರ ಬಿಲ್ ನಡೆಯಲಿ, ನಾನೇ ಬಂದು ಮಾತಾಡುತ್ತೇನೆ. ಇಷ್ಟಕ್ಕೂ ಒಪ್ಪದೆ ಮೇಜು ಹಿಡಿದುಕೊಂಡೇ ನಿಲ್ಲುತ್ತೀರಾ? ಇನ್ನು ಮೇಲೆ ಅಂಥವರ ಬಿಲ್ ಅಲ್ಲೇ ರದ್ದು ಮಾಡಿ, ಪುಸ್ತಕ ವಾಪಸ್ ಇಸಿದುಕೊಂಡು, ಹಿಂದಿನವರನ್ನು ಕರೆಯಿರಿ ಅಂತ ಹುಡುಗರಿಗೆ ಹೇಳಿಬಿಟ್ಟಿದ್ದೇನೆ.