ನನ್ನ ಹೆಸರು ಮೂರು ಕಡೆ

ನನ್ನ ಹೆಸರು ನಾಗರಾಜ. ಇನಿಷಿಯಲ್ಲು ಎಚ್. ಎಸ್. ಎಚ್ ಅಂದರೆ ಹಲಗೂರು, ಎಸ್ ಅಂದರೆ ನಮ್ಮಪ್ಪ ಸಿದ್ದೇಗೌಡ. 52 ವರ್ಷದಿಂದ ಈ ಹೆಸರಿನ ಜೊತೆ ಯಾವ ತಕರಾರೂ ಇಲ್ಲದೆ ಬದುಕಿದ್ದೇನೆ. ಆದರೆ ನಾನೇ ಬರೆದ ಇಂಗ್ಲಿಷ್ ಪೇಪರಿನ ಕೊನೆಯಲ್ಲಿರುವ ರೆಫರೆನ್ಸ್ ಪಟ್ಟಿಯಲ್ಲಿ ಒಂದು ದಿನ ನಾನು ಮೂರು ಜನ ಆಗಿದ್ದೆ. ಎಚ್ ಸಾಲಿನಲ್ಲಿ ಒಬ್ಬ, ಎನ್ ಸಾಲಿನಲ್ಲಿ ಒಬ್ಬ, ಎಸ್ ಸಾಲಿನಲ್ಲಿ ಇನ್ನೊಬ್ಬ. ಮೂವರಿಗೂ ಪರಸ್ಪರ ಪರಿಚಯ ಇದ್ದ ಹಾಗೆ ಕಾಣಲಿಲ್ಲ.

ಪೇಪರು ಮಂಡ್ಯ ಕಡೆ ರೇಷ್ಮೆ ಹುಳ ಸಾಕುವ ಮನೆಗಳಲ್ಲಿ ದುಡಿಯುವ ಹೆಂಗಸರ ಕೂಲಿ ಬಗ್ಗೆ. ಎರಡು ವರ್ಷ ಹಿಪ್ಪುನೇರಳೆ ತೋಟ ಸುತ್ತಿ ಬರೆದದ್ದು. ಒಂದು ಜರ್ನಲ್ಲಿಗೆ ಕಳಿಸಿದೆ. ಮೂರೇ ದಿನಕ್ಕೆ ವಾಪಸ್ ಬಂತು. ಕೂಲಿ ಲೆಕ್ಕವನ್ನು ಯಾರೂ ಓದಿರಲಿಲ್ಲ. ರೆಫರೆನ್ಸ್ ಎಪಿಎ ಏಳನೇ ಆವೃತ್ತಿಯ ಪ್ರಕಾರ ಇಲ್ಲ, ಸರಿಮಾಡಿ ಕಳಿಸಿ ಅಂತ ಒಂದು ಸಾಲು, ಅಷ್ಟೇ. ಎಪಿಎ ಅಂದರೆ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ. ಅವರ ನಿಯಮದ ಪುಸ್ತಕದ ಏಳನೇ ಆವೃತ್ತಿಯ ಮೇಲೆ 2020 ಅಂತ ಇಸವಿ ಇದೆ. ಮಂಡ್ಯದ ರೇಷ್ಮೆ ಹುಳಕ್ಕೂ ಅವರ ಮಾತೇ ಕಾನೂನು.

ನಿಜ ಹೇಳಬೇಕಂದರೆ ಪಟ್ಟಿ ಹತ್ತೂರ ಸಂತೆ ಆಗಿತ್ತು. 47 ರೆಫರೆನ್ಸ್. ಕೆಲವು ನನ್ನ ಹಳೇ ಪಿಎಚ್‌ಡಿ ಥೀಸಿಸ್‌ನಿಂದ ಬಂದವು, ಕೆಲವು ಗೂಗಲ್ ಸ್ಕಾಲರ್‌ನಿಂದ ಎತ್ತಿಕೊಂಡವು, ಇನ್ನು ಕೆಲವು ಬೇರೆಯವರ ಪೇಪರಿನ ಕೊನೇ ಪುಟದಿಂದ ಕದ್ದವು. ಒಂದೊಂದೂ ತನ್ನ ತವರುಮನೆಯ ಚುಕ್ಕಿ, ಅಲ್ಪವಿರಾಮ ಕಟ್ಟಿಕೊಂಡೇ ಬಂದಿತ್ತು. ಒಂದರಲ್ಲಿ ಇಸವಿಗೆ ಕಂಸ ಇದೆ, ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ ಇಬ್ಬರು ಲೇಖಕರ ನಡುವೆ `and`, ಇನ್ನೊಂದರಲ್ಲಿ `&`.

ಎಪಿಎ ಪಟ್ಟಿಯಲ್ಲಿ ಲೇಖಕರ ನಡುವೆ `&` ಬರಬೇಕು ಅಂತ ಗೊತ್ತಿತ್ತು. ಇದೇನು ಮಹಾ ಕೆಲಸ ಅಂದುಕೊಂಡೆ. ವರ್ಡ್‌ನಲ್ಲಿ `and` ಹುಡುಕಿ `&` ಹಾಕು ಅಂತ ಕೊಟ್ಟು `Replace All` ಒತ್ತಿದೆ. ಪಟ್ಟಿಯನ್ನು ಮಾತ್ರ ಸೆಲೆಕ್ಟ್ ಮಾಡಿಕೊಳ್ಳಬೇಕಿತ್ತು, ಮಾಡಲಿಲ್ಲ. ಸೇವ್ ಮಾಡಿ, ಲ್ಯಾಪ್‌ಟಾಪ್ ಮುಚ್ಚಿ, ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ತೆಗೆದು ನೋಡಿದರೆ ನಮ್ಮ ಜಿಲ್ಲೆಯೇ ಕೆಟ್ಟಿತ್ತು.

```
M&ya district
dem& for silk
underst&ing wages
&erson (1983)
```

ಮಂಡ್ಯದ ಹೊಟ್ಟೆಯೊಳಗೆ ಒಂದು `and` ಇದೆ ಅಂತ ಅಲ್ಲೇ ಹುಟ್ಟಿ ಬೆಳೆದ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಆಂಡರ್ಸನ್ ಅವರಿಗಂತೂ ತಲೆಯೇ ಹೋಗಿತ್ತು. ಆಮೇಲೆ ಅಕಾರಾದಿ ಮಾಡೋಣ ಅಂತ ಸಾರ್ಟ್ ಒತ್ತಿದೆ ನೋಡಿ, ಅವರು ಅಗರ್‌ವಾಲ್ ಅವರನ್ನೂ ದಾಟಿ ಪಟ್ಟಿಯ ನೆತ್ತಿ ಮೇಲೆ ಹೋಗಿ ಕೂತರು. ವರ್ಡಿನ ಲೆಕ್ಕದಲ್ಲಿ ಚಿಹ್ನೆಗಳು ಮೊದಲು, ಆಮೇಲೆ ಅಂಕಿ, ಆಮೇಲೆ ಅಕ್ಷರ.

ಸೀದಾ ನಮ್ಮ ಲೈಬ್ರರಿ ಮೇಡಂ ಹತ್ತಿರ ಹೋದೆ. ಅವರು ಪಟ್ಟಿಯನ್ನು ಪ್ರಿಂಟ್ ತೆಗೆಸಿ, ಕನ್ನಡಕ ಏರಿಸಿ, ಮೇಲಿಂದ ಕೆಳಗೆ ಒಂದು ಸಲ ಕಣ್ಣಾಡಿಸಿದರು.

"ಸರ್, ಇದರಲ್ಲಿ ಯಾವ ರಾವ್ ಮೊದಲು ಬರಬೇಕು?"

ಪಟ್ಟಿಯಲ್ಲಿ ಮೂವರು ರಾವ್ ಇದ್ದರು. ಸಾರ್ಟ್ ಆದಮೇಲೆ ಅವರು ನಿಂತದ್ದು ಹೀಗೆ:

```
Rao, K. (2019)
Rao, V. (2007)
Rao,A. (2012)
```

"ಎ ಅಲ್ವಾ ಮೊದಲು ಬರಬೇಕಾದ್ದು?" ಅಂದೆ.

"ಬರಬೇಕು. ಆದ್ರೆ ನೀವು ಅಲ್ಪವಿರಾಮ ಆದಮೇಲೆ ಜಾಗ ಬಿಟ್ಟಿಲ್ಲ. ಕಂಪ್ಯೂಟರಿಗೆ ರಾವ್ ಅವರು ಯಾರು ಅಂತ ಗೊತ್ತಾ ಸರ್? ಅದು ಒಂದೊಂದೇ ಅಕ್ಷರ ನೋಡುತ್ತೆ. ಖಾಲಿ ಜಾಗವೂ ಅದಕ್ಕೆ ಒಂದು ಅಕ್ಷರವೇ. ಎಲ್ಲಾ ಅಕ್ಷರಕ್ಕಿಂತ ಅದು ಮೊದಲು ಬರುತ್ತೆ. ಜಾಗ ಇರೋ ರಾವ್‌ಗಳು ಮುಂದೆ ಹೋದರು, ಜಾಗ ಇಲ್ಲದವರು ಹಿಂದೆ ಉಳಿದರು."

ಬಸ್ಸಿನಲ್ಲೂ ಹಾಗೇ ಅಲ್ವಾ ಅನ್ನಿಸಿತು. ಹೇಳಲಿಲ್ಲ.

ಮೇಡಂ ಹೇಳಿದ ಕ್ರಮ ಇಷ್ಟು. ಮೊದಲು ಹೆಸರುಗಳನ್ನು ಸರಿಮಾಡಬೇಕು, ಆಮೇಲೆ ಚುಕ್ಕಿ, ಅಲ್ಪವಿರಾಮ, ಜಾಗ. ಸಾರ್ಟ್ ಒತ್ತುವುದು ಕಟ್ಟಕಡೆಗೆ. ನಾನು ಮಾಡಿದ್ದು ತಲೆಕೆಳಗು. ಇನ್ನು ಓದುವಾಗ ಒಂದು ರೆಫರೆನ್ಸನ್ನು ಪೂರ್ತಿ ಓದಿ ಮುಂದಿನದಕ್ಕೆ ಹೋಗಬಾರದಂತೆ. ಹಾಗೆ ಓದಿದರೆ ಕಣ್ಣು ಅರ್ಥದ ಹಿಂದೆ ಹೋಗುತ್ತದೆ, ಚುಕ್ಕಿ ತಪ್ಪಿಸಿಕೊಳ್ಳುತ್ತದೆ. ಮೊದಲ ಸುತ್ತಿನಲ್ಲಿ 47 ಹೆಸರು ಮಾತ್ರ. ಎರಡನೇ ಸುತ್ತಿನಲ್ಲಿ 47 ಇಸವಿ ಮಾತ್ರ. ಮೂರನೇ ಸುತ್ತಿನಲ್ಲಿ ಸಾಲಿನ ಕೊನೆ ಮಾತ್ರ: ಚುಕ್ಕಿ ಇದೆಯಾ ಇಲ್ಲವಾ? ಡಿಒಐ ಕೊಂಡಿಯಲ್ಲಿ ಮುಗಿಯುವ ಸಾಲಿಗೆ ಎಪಿಎ ಚುಕ್ಕಿ ಇಡುವುದಿಲ್ಲ, ಇಟ್ಟರೆ ಚುಕ್ಕಿಯೂ ಕೊಂಡಿಗೆ ಅಂಟಿಕೊಂಡು ಪುಟ ತೆರೆಯದೇ ಹೋಗಬಹುದು. ಅಕ್ಕಿಯಲ್ಲಿ ಒಂದು ಸಲ ಕಲ್ಲು, ಒಂದು ಸಲ ಭತ್ತ ಅಂತ ಆರಿಸುವ ಹಾಗೆ. ನಮ್ಮಜ್ಜಿ ಮೊರ ಹಿಡಿದು ಮಾಡುತ್ತಿದ್ದದ್ದೂ ಇದನ್ನೇ.

ಮೊದಲ ಸುತ್ತಿನಲ್ಲೇ ನಾನು ಮೂರು ಕಡೆ ಸಿಕ್ಕಿಬಿದ್ದೆ.

```
H. S. Nagaraja (2011)
Nagaraj, H. S. (2016)
S, N. H. (2018)
```

ಮೊದಲನೆಯದು ನನ್ನ ಬಯೋಡೇಟಾದಿಂದ ತೆಗೆದದ್ದು, ಹೆಸರು ಹಿಂದುಮುಂದು ಮಾಡಿರಲಿಲ್ಲ. ಎರಡನೆಯದನ್ನು ಆ ಜರ್ನಲ್ಲಿನವರೇ ಕೊನೆಯ `a` ನುಂಗಿ ಅಚ್ಚು ಹಾಕಿದ್ದರು. ಮೂರನೆಯವನೇ ಮಜಾ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದ ಹಾಗೆ ನಾನು `NAGARAJA H S` ಅಂತ ಹೆಸರು ಕೊಟ್ಟಿದ್ದೆ. ಸಾಫ್ಟ್‌ವೇರ್‌ಗೆ ಕೊನೆಯಲ್ಲಿ ಬಂದದ್ದೇ ಮನೆತನದ ಹೆಸರು. ಅದು ಎಸ್ ಅನ್ನು ವಂಶ ಅಂದುಕೊಂಡು ನಾಗರಾಜನನ್ನು ಇನಿಷಿಯಲ್ ಮಾಡಿಬಿಟ್ಟಿತು.

ಇನಿಷಿಯಲ್ಲು ಮುಂದೆ ಹಾಕಿಕೊಂಡವರು ಬಚಾವ್. ಎಂ. ಎನ್. ಶ್ರೀನಿವಾಸ್ ಅವರನ್ನೇ ನೋಡಿ. ಎಂ ಅಂದರೆ ಮೈಸೂರು, ಎನ್ ಅಂದರೆ ನರಸಿಂಹಾಚಾರ್. ಶ್ರೀನಿವಾಸ್ ಅನ್ನುವುದು ಅವರದೇ ಹೆಸರು, ಮನೆತನದ್ದಲ್ಲ. ಆದರೂ ಅದು ಕೊನೆಯಲ್ಲಿರುವುದರಿಂದ `Srinivas, M. N.` ಅಂತ ಸಲೀಸಾಗಿ ಎಸ್ ಸಾಲಿನಲ್ಲಿ ಕೂರುತ್ತದೆ. ಇನಿಷಿಯಲ್ಲನ್ನು ಬಾಲಕ್ಕೆ ಕಟ್ಟಿಕೊಂಡ ನಮ್ಮಂಥವರು ಅಪ್ಪನ ಅಕ್ಷರದ ಕೆಳಗೆ ಹೋಗಿ ಬೀಳುತ್ತೇವೆ.

"ಮೂರನ್ನೂ `Nagaraja, H. S.` ಮಾಡಿಬಿಡ್ತೀನಿ ಮೇಡಂ. ಒಂದೇ ಥರ ಇರಬೇಕಲ್ವಾ?"

"2016ರದ್ದು ಮುಟ್ಟಬೇಡಿ. ಅಲ್ಲಿ `Nagaraj` ಅಂತ ಅಚ್ಚಾಗಿದೆ, ಹಾಗೇ ಇರಲಿ. ನೀವು ತಿದ್ದಿದರೆ ಓದುಗರು ಹುಡುಕಿದಾಗ ಆ ಪೇಪರ್ ಸಿಗಲ್ಲ. ಒಂದೇ ಥರ ಇರಬೇಕಾದ್ದು ನಿಮ್ಮ ಚುಕ್ಕಿ, ಅಲ್ಪವಿರಾಮ. ಅಚ್ಚಾದ ಹೆಸರು, ಅಚ್ಚಾದ ತಲೆಬರಹ ನಿಮ್ಮದಲ್ಲ ಸರ್."

"ನನ್ನ ಹೆಸರೂ ನನ್ನದಲ್ವಾ?"

"ಅಚ್ಚಾದ ಮೇಲೆ ಅಲ್ಲ."

ಕೊನೆಗೆ ಪಟ್ಟಿಯಲ್ಲಿ ನಾನು ಇಬ್ಬರಾದೆ. ಚಿಕ್ಕ ಹೆಸರು ಮೊದಲು, ಅದೇ ಹೆಸರಿಗೆ ಬಾಲ ಇದ್ದರೆ ಆಮೇಲೆ ಅನ್ನುವುದು ನಿಯಮ. ಹಾಗಾಗಿ 2016ರ ನಾಗರಾಜ್ ಮುಂದೆ, 2011ರ ನಾಗರಾಜ ಹಿಂದೆ. ಇಸವಿ ನೋಡುವುದು ಹೆಸರು ಪೂರ್ತಿ ಒಂದೇ ಆಗಿದ್ದಾಗ ಮಾತ್ರ. ಅದೂ ಒಬ್ಬನೇ ಬರೆದದ್ದು ಮೊದಲು, ಜೊತೆಗಾರರ ಸಂಗಡ ಬರೆದದ್ದು ಆಮೇಲೆ, ಜಂಟಿ ಪೇಪರು ಎಷ್ಟೇ ಹಳೆಯದಿದ್ದರೂ ಸರಿ. ಲಗ್ನಪತ್ರಿಕೆಯಲ್ಲಿ ಯಾವ ಚಿಕ್ಕಪ್ಪನ ಹೆಸರು ಮೇಲೆ ಅಂತ ನಮ್ಮ ಮನೆಯಲ್ಲಿ ನಡೆದ ಜಗಳಕ್ಕೂ ಇಂಥದ್ದೊಂದು ಪುಸ್ತಕ ಇದ್ದಿದ್ದರೆ ಇಬ್ಬರು ಚಿಕ್ಕಪ್ಪಂದಿರು ಇವತ್ತಿಗೂ ಮಾತಾಡಿಕೊಂಡಿರುತ್ತಿದ್ದರು.

ಇಷ್ಟು ಕಲಿತ ಮೇಲೂ ನಾನು ಇನ್ನೊಂದು ಘನಕಾರ್ಯ ಮಾಡಿದೆ. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಿಂದ ಹನ್ನೊಂದು ಲೇಖನ ತೆಗೆದುಕೊಂಡಿದ್ದೆ. ಅದರ ಹೆಸರು ನನ್ನ ಪಟ್ಟಿಯಲ್ಲಿ ನಾಲ್ಕು ವೇಷದಲ್ಲಿತ್ತು: `EPW`, `E.P.W.`, `Economic & Political Weekly`, ಕೊನೆಗೆ `Economic Weekly`. ಕೊನೆಯದರಲ್ಲಿ ನಡುವಿನ ಪದ ಬಿಟ್ಟುಹೋಗಿದೆ ಅಂದುಕೊಂಡೆ. ಎಲ್ಲವನ್ನೂ `Economic and Political Weekly` ಮಾಡಿ, ಓರೆ ಅಕ್ಷರ ಕೊಟ್ಟು, ಮೇಡಂ ಮುಂದೆ ಹೆಮ್ಮೆಯಿಂದ ಇಟ್ಟೆ.

ಅವರು ಎರಡನೇ ಸುತ್ತಿನಲ್ಲಿದ್ದರು. ಇಸವಿಗಳ ಮೇಲೆ ಬೆರಳು ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಂತಿತು. 1954.

"ಸರ್, ಈ ಪತ್ರಿಕೆ ಶುರು ಆಗಿದ್ದೇ 1966ರಲ್ಲಿ. ಅದಕ್ಕೆ ಮುಂಚೆ 1949ರಿಂದ ಬರ್ತಾ ಇದ್ದದ್ದು ಎಕನಾಮಿಕ್ ವೀಕ್ಲಿ. ಹುಟ್ಟೋದಕ್ಕೆ ಹನ್ನೆರಡು ವರ್ಷ ಮುಂಚೆ ಲೇಖನ ಹಾಕಿಬಿಡ್ತಾ ಇದು?"

ಇಡೀ ಪಟ್ಟಿಯಲ್ಲಿ ಮೊದಲಿಂದ ಸರಿಯಾಗಿದ್ದ ಕೆಲವೇ ಸಾಲುಗಳಲ್ಲಿ ಅದೂ ಒಂದು. ಅದನ್ನೂ ನಾನೇ ಕೈಯಾರೆ ಕೆಡಿಸಿದ್ದೆ. ಬೆಂಗಳೂರು, ಮೈಸೂರಿನ ಇಂಗ್ಲಿಷ್ ಸ್ಪೆಲಿಂಗ್ 2014ರ ನವೆಂಬರ್ 1ಕ್ಕೆ ಬದಲಾಯಿತಲ್ಲ, ಆ ಉತ್ಸಾಹದಲ್ಲಿ ಹಳೇ ತಲೆಬರಹಗಳ `Mysore` ಎಲ್ಲಾ `Mysuru` ಮಾಡಿದ್ದೂ ಆಗಲೇ ಹೊರಬಿತ್ತು. ಒಂದೊಂದನ್ನೂ ಮೂಲ ಪುಟ ತೆಗೆದು, ನೋಡಿ, ವಾಪಸ್ ಹಾಕಿದೆ. `and` ಅನ್ನೂ ಹೊಸದಾಗಿ ಬದಲಾಯಿಸಿದೆ. ಈ ಸಲ `Find whole words only` ಅನ್ನುವ ಚೌಕಕ್ಕೆ ಗುರುತು ಹಾಕಿ, `Replace All` ಬಿಟ್ಟು, ಒಂದೊಂದೇ ನೋಡಿ ಒತ್ತಿದೆ. ಚೌಕ ಮಂಡ್ಯವನ್ನು ಕಾಪಾಡುತ್ತದೆ, ಆದರೆ ತಲೆಬರಹದೊಳಗಿನ `and` ಯಾವುದು, ಲೇಖಕರ ನಡುವಿನ `and` ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ. ಮೂರು ಸಂಜೆ ಹಿಡಿಯಿತು.

"ರೀ, ಇನ್ನೂ ಪೇಪರ್ ಬರೀತಾ ಇದ್ದೀರಾ?" ಅಂತ ನನ್ನ ಹೆಂಡತಿ ಕೇಳಿದಳು.

"ಬರೆದಾಗಿದೆ. ಚುಕ್ಕಿ ಇಡ್ತಾ ಇದ್ದೀನಿ."

"ರಂಗೋಲಿನಾದ್ರೂ ಇಷ್ಟೊತ್ತಿಗೆ ಮುಗೀತಿತ್ತು."

ಪೇಪರು ಒಪ್ಪಿಗೆ ಆಯಿತು. ಏಳು ತಿಂಗಳಾದ ಮೇಲೆ ಪ್ರೂಫ್ ಬಂತು, 48 ಗಂಟೆಯೊಳಗೆ ನೋಡಿ ಹೇಳಿ ಅಂತ. ನಾನು ಸೀದಾ ಕೊನೆಯ ಪುಟಕ್ಕೆ ಹೋದೆ. ಹೆಸರು, ಇಸವಿ, ಸಾಲಿನ ಕೊನೆ, ಮೂರು ಸುತ್ತು. ಒಂದು ಚುಕ್ಕಿಯೂ ಆಚೀಚೆ ಇರಲಿಲ್ಲ. ಖುಷಿಯಲ್ಲಿ ಮಗಳನ್ನು ಕರೆದು ತೋರಿಸಿದೆ. ಅವಳು ಮೊದಲ ಪುಟಕ್ಕೆ ಹೋದಳು. ಈ ಲೇಖನವನ್ನು ಬೇರೆಯವರು ಹೀಗೆ ಉಲ್ಲೇಖಿಸಿ ಅಂತ ಜರ್ನಲ್ಲಿನವರೇ ಒಂದು ಚಿಕ್ಕ ಚೌಕದಲ್ಲಿ ಕೊಟ್ಟಿರುತ್ತಾರಲ್ಲ, ಅದನ್ನು ಓದಿದಳು.

"ಅಪ್ಪ, ಇದು ಯಾರು?"

```
S, N. H. (2022)
```

ಅಲ್ಪವಿರಾಮ ಸರಿ ಇತ್ತು. ಅದರ ಮುಂದೆ ಜಾಗವೂ ಸರಿ ಇತ್ತು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು ನೇಗಿಲು ಹಿಡಿದ ನಮ್ಮಪ್ಪ ಸಿದ್ದೇಗೌಡರು ಇಂಗ್ಲಿಷ್ ಜರ್ನಲ್ಲಿನಲ್ಲಿ ಲೇಖಕರಾಗಿದ್ದರು.

"ನಿಮ್ಮ ತಾತ" ಅಂದೆ.

ತಿದ್ದಿಸಲು ಇನ್ನೂ 47 ಗಂಟೆ ಇತ್ತು.